ಹದಿನಾಲ್ಕರ ಹುಡುಗ ಜಿಮ್‌ನಲ್ಲಿ ಭಾರ ಎತ್ತಿದರೆ ಎತ್ತರ ನಿಂತುಹೋಗುತ್ತದೆಯೇ?

ತುಂಗಾತೀರ, ಶಿವಮೊಗ್ಗ

ನನ್ನ ಮಗನಿಗೆ ಈಗ 14 ವರ್ಷ 3 ತಿಂಗಳು. ಒಂಬತ್ತನೆಯ ತರಗತಿಯಲ್ಲಿದ್ದಾನೆ. ಜೂನ್ ಕೊನೆಯಲ್ಲಿ ಹಟ ಹಿಡಿದು ನಮ್ಮ ಬಡಾವಣೆಯ ಜಿಮ್‌ಗೆ ಸೇರಿಕೊಂಡ. ವಾರಕ್ಕೆ ಐದು ದಿನ ಸಂಜೆ ಹೋಗುತ್ತಾನೆ. ಎಳೆಯ ಮೈಗೆ ಭಾರ ಹೊರಿಸಿದರೆ ಹುಡುಗ ಕುಳ್ಳನಾಗಿಯೇ ಉಳಿಯುತ್ತಾನೆ ಎಂದು ಅತ್ತೆಯವರು ಮೊದಲ ದಿನದಿಂದಲೂ ಹೇಳುತ್ತಿದ್ದರು. ನಾನು ಅದನ್ನು ಅಷ್ಟಾಗಿ ಕಿವಿಗೆ ಹಾಕಿಕೊಂಡಿರಲಿಲ್ಲ. ಆದರೆ ಜೂನ್‌ನಲ್ಲಿ ಶಾಲೆಯ ಆರೋಗ್ಯ ತಪಾಸಣೆಯಲ್ಲಿ 156 ಸೆಂ.ಮೀ. ಇದ್ದವನು ಐದು ತಿಂಗಳ ನಂತರ, ಕಳೆದ ವಾರ ಮನೆಯಲ್ಲಿ ಅಳೆದಾಗ, 157 ಮಾತ್ರ ಇದ್ದಾನೆ. ಜಿಮ್‌ನ ಮೆಟ್ಟಿಲನ್ನೇ ಹತ್ತದ ಪಕ್ಕದ ಮನೆಯ ಹುಡುಗ ಇದೇ ಅವಧಿಯಲ್ಲಿ ಕಣ್ಣಿಗೆ ಕಾಣುವಂತೆ ಉದ್ದವಾಗಿದ್ದಾನೆ. ಈಗ ಮನೆಯಲ್ಲಿ ದಿನವೂ ಇದೇ ಮಾತು. ಜಿಮ್ ಬಿಡಿಸಬೇಕೇ? ಬಲ್ಲವರು ದಯವಿಟ್ಟು ತಿಳಿಸಿ.

ಗರಡಿಮನೆಯ ಹಳಬ, ದಾವಣಗೆರೆ

ತಂಗಿ, ನಿಮ್ಮ ಅತ್ತೆಯವರ ಮಾತಿನಲ್ಲಿ ಹುರುಳಿದೆ. ನಾನು ಹನ್ನೊಂದನೆಯ ವಯಸ್ಸಿಗೆ ಗರಡಿಗೆ ಇಳಿದವನು. ನಮ್ಮ ಉಸ್ತಾದರು ಮೀಸೆ ಮೂಡುವವರೆಗೆ ಹುಡುಗರ ಕೈಗೆ ಗದೆಯನ್ನಾಗಲಿ ಕಲ್ಲುಗುಂಡನ್ನಾಗಲಿ ಕೊಡುತ್ತಿರಲಿಲ್ಲ. ಬರೀ ದಂಡ, ಬಸ್ಕಿ, ಮಣ್ಣು ಅಗೆಯುವುದು, ಹಗ್ಗ ಹತ್ತುವುದು ಇಷ್ಟೇ ನಮ್ಮ ಸಾಮು. ನಮ್ಮಲ್ಲಿ ಯಾರೂ ಕುಳ್ಳರಾಗಲಿಲ್ಲ. ದೋಷವಿರುವುದು ಕಬ್ಬಿಣದಲ್ಲಿ. ಮೈಭಾರದ ವ್ಯಾಯಾಮ ಸಹಜವಾದದ್ದು, ಹೊರಗಿನ ಭಾರ ಅಸಹಜವಾದದ್ದು. ಜಿಮ್ ಬಿಡಿಸಿ ಗರಡಿಗೆ ಕಳುಹಿಸಿ.

ಮೂಳೆ ವೈದ್ಯ, ಹುಬ್ಬಳ್ಳಿ

ತುಂಗಾತೀರ ಅವರೇ, ಜಿಮ್ ಬಿಡಿಸುವ ತೀರ್ಮಾನಕ್ಕೆ ಮೊದಲು ನಾಲ್ಕು ವಿಷಯಗಳನ್ನು ತಿಳಿಸಿ. ಜೂನ್‌ನಲ್ಲಿ ಅಳೆದದ್ದು ದಿನದ ಯಾವ ಹೊತ್ತಿನಲ್ಲಿ, ಕಳೆದ ವಾರ ಅಳೆದದ್ದು ಯಾವ ಹೊತ್ತಿನಲ್ಲಿ? ನಿಮ್ಮ ಮತ್ತು ನಿಮ್ಮ ಯಜಮಾನರ ಎತ್ತರವೆಷ್ಟು? ಹುಡುಗನ ಧ್ವನಿ ಒಡೆದಿದೆಯೇ, ಮೀಸೆ ಮೂಡಿದೆಯೇ? ಜಿಮ್‌ನಲ್ಲಿ ಏನೇನು ಎತ್ತುತ್ತಾನೆ, ಏನೇನು ಕುಡಿಯುತ್ತಾನೆ?

ಹಿರಿಯರು ಹೇಳಿದ ಕಬ್ಬಿಣದ ಮಾತಿಗೆ ಒಂದು ಲೆಕ್ಕವನ್ನು ಮುಂದಿಡುತ್ತೇನೆ. 48 ಕಿಲೋ ತೂಕದ ಹುಡುಗ ದಂಡ ಹೊಡೆಯುವ ಭಂಗಿಗೆ ಬಂದಾಗ ಅವನ ಮೈತೂಕದ ಸುಮಾರು ಮೂರನೇ ಎರಡು ಭಾಗ, ಅಂದರೆ 30 ಕಿಲೋಗಿಂತ ಹೆಚ್ಚು ಭಾರ, ಎರಡು ಅಂಗೈಗಳ ಮೇಲೆ ನಿಲ್ಲುತ್ತದೆ. ಅದೇ ಹುಡುಗ ಕೈಗೊಂದರಂತೆ ಐದು ಕಿಲೋ ಡಂಬೆಲ್ ಎತ್ತಿದರೆ ಹತ್ತು ಕಿಲೋ ಆಯಿತು. ಭಾರ ಕಬ್ಬಿಣದಿಂದ ಬಂತೇ ಸ್ವಂತ ಮೈಯಿಂದ ಬಂತೇ ಎಂದು ಮೂಳೆ ವಿಚಾರಿಸುವುದಿಲ್ಲ. ಮರದಿಂದ ಜಿಗಿದಾಗ, ಕಬಡ್ಡಿಯಲ್ಲಿ ಹಾರಿ ನೆಲಕ್ಕಿಳಿದಾಗ ಮೊಣಕಾಲಿನ ಮೇಲೆ ಮೈತೂಕದ ಹಲವು ಪಟ್ಟು ಬಲ ಬೀಳುತ್ತದೆ. ಅದನ್ನು ಕಂಡು ಮಗುವಿನ ಬೆಳವಣಿಗೆ ನಿಂತೀತೆಂದು ಯಾರೂ ಹೆದರುವುದಿಲ್ಲ.

ಗರಡಿಮನೆಯ ಹಳಬ, ದಾವಣಗೆರೆ

ಲೆಕ್ಕವನ್ನು ಒಪ್ಪುತ್ತೇನೆ, ಡಾಕ್ಟರೇ. ಆದರೂ ಉಸ್ತಾದರ ಆ ನಿಯಮಕ್ಕೆ ಕಾರಣವಿಲ್ಲದೆ ಇರಲಿಲ್ಲ ಎಂಬುದು ನನ್ನ ಅನುಭವ.

ಮೂಳೆ ವೈದ್ಯ, ಹುಬ್ಬಳ್ಳಿ

ಖಂಡಿತ ಕಾರಣವಿತ್ತು, ಅದಕ್ಕೆ ಮುಂದೆ ಬರುತ್ತೇನೆ. ಮೈಮೇಲೆ ಹಿಡಿತ ಬರುವ ಮೊದಲೇ ಗದೆ ತಿರುಗಿಸುವ ಹುಡುಗನ ಭುಜಕ್ಕೆ ಪೆಟ್ಟಾಗುತ್ತದೆ. ಅದು ಗಾಯದ ಭಯ. ಎತ್ತರದ ಭಯ ಬೇರೆ. ಎರಡನ್ನೂ ಒಟ್ಟಿಗೆ ಕಟ್ಟಿದ್ದರಿಂದಲೇ ಈ ಗೊಂದಲ ಇಷ್ಟು ವರ್ಷ ಉಳಿದುಕೊಂಡು ಬಂದಿದೆ.

ಪಿಯು ಎರಡನೇ ವರ್ಷ, ತುಮಕೂರು

ಸರ್, ನನಗೆ 17 ವರ್ಷ, ಎತ್ತರ 163 ಸೆಂ.ಮೀ. ಹದಿನೈದನೆಯ ವಯಸ್ಸಿನಲ್ಲಿ ಜಿಮ್ ಸೇರಿದ್ದೆ, ಆಮೇಲೆ ಹೆಚ್ಚು ಬೆಳೆಯಲಿಲ್ಲ. ಆದ್ದರಿಂದ ಜಿಮ್‌ನಿಂದಲೇ ಹೀಗಾಯಿತೆಂದು ನನಗೆ ಖಾತ್ರಿಯಾಗಿದೆ. ಈಗ ದಿನವೂ ಕಂಬಿಗೆ ಜೋತುಬೀಳುತ್ತಿದ್ದೇನೆ. ಇದರಿಂದ ಎಷ್ಟು ಸೆಂಟಿಮೀಟರ್ ಹೆಚ್ಚಾಗಬಹುದು?

ದೈಹಿಕ ಶಿಕ್ಷಕಿ, ಧಾರವಾಡ

ತಮ್ಮಾ, ಇಲ್ಲಿ ಕೇಳಿರುವ ಪ್ರಶ್ನೆ ಎತ್ತರ ಹೆಚ್ಚಿಸುವುದರ ಬಗ್ಗೆ ಅಲ್ಲ. ಆದರೂ ನಿನ್ನ ಮಾತಿನಲ್ಲಿರುವ ಒಂದು ತಪ್ಪನ್ನು ತೋರಿಸಲೇಬೇಕು, ಏಕೆಂದರೆ ಬಹಳ ಮಂದಿ ಇದೇ ತಪ್ಪನ್ನು ಮಾಡುತ್ತಾರೆ. ಹುಡುಗರು ಅತಿ ವೇಗವಾಗಿ ಬೆಳೆಯುವುದು ಸರಾಸರಿ 14ರ ಸುಮಾರಿಗೆ. ಕೆಲವರಿಗೆ 12ರಲ್ಲೇ ಬರುತ್ತದೆ, ಕೆಲವರಿಗೆ 16ರವರೆಗೂ ತಡವಾಗುತ್ತದೆ. ಆ ಜಿಗಿತ ಮುಗಿದ ಮೇಲೆ ವೇಗ ತಾನಾಗಿಯೇ ಇಳಿಯುತ್ತದೆ. ನಮ್ಮ ಹುಡುಗರು ಜಿಮ್‌ಗೆ ಸೇರುವುದು ಸಾಮಾನ್ಯವಾಗಿ ಮೀಸೆ ಮೂಡಿ ಕನ್ನಡಿಯ ಮುಂದೆ ನಿಲ್ಲುವ ವಯಸ್ಸು ಬಂದ ಮೇಲೆ, ಅಂದರೆ ಜಿಗಿತ ಮುಗಿಯುವ ಹೊತ್ತಿಗೆ. ಜಿಮ್ ಸೇರಿದ್ದು ಮತ್ತು ಬೆಳವಣಿಗೆ ನಿಧಾನವಾದದ್ದು ಒಂದೇ ಕಾಲಕ್ಕೆ ನಡೆದವು ಎಂದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗುವುದಿಲ್ಲ.

ಕಂಬಿಗೆ ಜೋತುಬಿದ್ದರೆ ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತೆಗಳು ಸ್ವಲ್ಪ ಹಿಗ್ಗುತ್ತವೆ. ಎದ್ದು ಓಡಾಡಿದ ಮೇಲೆ ಮತ್ತೆ ಮೊದಲಿನಂತಾಗುತ್ತವೆ. ಹಿಡಿತ ಗಟ್ಟಿಯಾಗುತ್ತದೆ, ಎತ್ತರ ಹೆಚ್ಚುವುದಿಲ್ಲ.

ತುಂಗಾತೀರ, ಶಿವಮೊಗ್ಗ

ಡಾಕ್ಟರೇ, ನೀವು ಕೇಳಿದ ವಿವರಗಳು ಹೀಗಿವೆ. ಶಾಲೆಯಲ್ಲಿ ಅಳೆದದ್ದು ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ. ಮನೆಯಲ್ಲಿ ಅಳೆದದ್ದು ರಾತ್ರಿ, ಅವನು ಜಿಮ್‌ನಿಂದ ಬಂದ ಮೇಲೆ. ನಮ್ಮ ಮನೆಯವರು 168 ಸೆಂ.ಮೀ., ನಾನು 155. ಧ್ವನಿ ದಸರಾ ರಜೆಯ ಹೊತ್ತಿಗೆ ಒಡೆಯಲು ಶುರುವಾಗಿದೆ, ಮೀಸೆ ಇನ್ನೂ ಇಲ್ಲವೆಂದೇ ಹೇಳಬೇಕು. ಏನು ಎತ್ತುತ್ತಾನೆಂದು ಕೇಳಿದ್ದಕ್ಕೆ ಸ್ಕ್ವಾಟ್, ಬೆಂಚ್ ಪ್ರೆಸ್, ಡಂಬೆಲ್ ಎಂದ. ಪ್ರತಿ ಶನಿವಾರ ಯಾರು ಅತಿ ಹೆಚ್ಚು ಭಾರವನ್ನು ಒಂದೇ ಸಲ ಎತ್ತುತ್ತಾರೆಂದು ಹುಡುಗರ ನಡುವೆ ಪಂದ್ಯ ನಡೆಯುತ್ತದೆಯಂತೆ. ಟ್ರೈನರ್ ಒಂದು ಡಬ್ಬಿ ಪುಡಿ ಕೊಟ್ಟಿದ್ದಾರೆ, ಹಾಲಿಗೆ ಹಾಕಿಕೊಂಡು ಕುಡಿಯುತ್ತಾನೆ.

ಮೂಳೆ ವೈದ್ಯ, ಹುಬ್ಬಳ್ಳಿ

ವಿವರಗಳಿಗಾಗಿ ಧನ್ಯವಾದ. ಮೊದಲು ಅಳತೆಯನ್ನು ಸರಿಪಡಿಸೋಣ. ಬೆಳಿಗ್ಗೆ ಹಾಸಿಗೆಯಿಂದ ಎದ್ದಾಗ ಇರುವ ಎತ್ತರ ಸಂಜೆಗೆ ಉಳಿಯುವುದಿಲ್ಲ. ದಿನವಿಡೀ ನಿಂತು ಕುಳಿತು ಮಾಡುವುದರಿಂದ ಬೆನ್ನಿನ ಮೆತ್ತೆಗಳಲ್ಲಿನ ನೀರಿನಂಶ ಹೊರಹೋಗಿ, ಎಲ್ಲರ ಎತ್ತರವೂ ಒಂದು ಸೆಂಟಿಮೀಟರಿನಷ್ಟು, ಕೆಲವರದು ಅದಕ್ಕಿಂತಲೂ ಹೆಚ್ಚು ಇಳಿಯುತ್ತದೆ. ಹೆಗಲ ಮೇಲೆ ಬಾರ್ ಹೊತ್ತು ಸ್ಕ್ವಾಟ್ ಮಾಡಿದ ಬಳಿಕ ಇನ್ನೂ ಕೆಲವು ಮಿಲಿಮೀಟರ್ ಇಳಿಯುವುದುಂಟು. ರಾತ್ರಿ ಮಲಗಿ ಎದ್ದಾಗ ಎಲ್ಲವೂ ಮರಳಿ ಬಂದಿರುತ್ತದೆ. ಭಾರ ಎತ್ತಿದರೆ ಗಿಡ್ಡವಾಗುತ್ತಾರೆ ಎಂಬ ಮಾತಿನಲ್ಲಿ ಕಣ್ಣಿಗೆ ಕಾಣುವ ಸತ್ಯವೇನಾದರೂ ಇದ್ದರೆ ಅದು ಇಷ್ಟೇ, ಅದೂ ಒಂದು ರಾತ್ರಿಯ ಮಟ್ಟಿಗೆ.

ಆದ್ದರಿಂದ ಬರುವ ಭಾನುವಾರ ಬೆಳಿಗ್ಗೆ, ಎದ್ದು ಅರ್ಧ ಗಂಟೆಯೊಳಗೆ ಅಳೆಯಿರಿ. ಬರಿಗಾಲಿರಲಿ, ಹಿಮ್ಮಡಿ, ಪೃಷ್ಠ, ಬೆನ್ನು ಗೋಡೆಗೆ ತಾಗಿರಲಿ, ನೋಟ ನೇರವಾಗಿರಲಿ. ತಲೆಯ ಮೇಲೆ ಕೂದಲನ್ನು ಒತ್ತುವಂತೆ ಗಟ್ಟಿ ರಟ್ಟಿನ ಪುಸ್ತಕವನ್ನು ಗೋಡೆಗೆ ಲಂಬವಾಗಿ ಹಿಡಿದು ಗುರುತು ಹಾಕಿ. ಹುಡುಗನನ್ನು ಗೋಡೆಯಿಂದ ಈಚೆಗೆ ಕರೆದು, ಮತ್ತೆ ನಿಲ್ಲಿಸಿ, ಮೂರು ಸಲ ಅಳೆದು ಸರಾಸರಿ ತೆಗೆಯಿರಿ.

ಭಾರ ಎತ್ತುವ ತರಬೇತುದಾರ, ಕುಂದಾಪುರ

ನಾನು ಹದಿಹರೆಯದ ಮಕ್ಕಳಿಗೆ ವೇಟ್‌ಲಿಫ್ಟಿಂಗ್ ಕಲಿಸುವವನು. ಪ್ರತಿ ವರ್ಷ ಹೊಸ ಮಕ್ಕಳ ತಂದೆ ತಾಯಿ ಇದೇ ಪ್ರಶ್ನೆಯನ್ನು ಹಿಡಿದುಕೊಂಡು ಬರುತ್ತಾರೆ. ನಮ್ಮ ಕುಂದಾಪುರದ ಕಡೆಯ ಗುರುರಾಜ ಪೂಜಾರಿಯವರು 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕಿಲೋ ವಿಭಾಗದಲ್ಲಿ ಬೆಳ್ಳಿಯನ್ನೂ 2022ರಲ್ಲಿ 61 ಕಿಲೋ ವಿಭಾಗದಲ್ಲಿ ಕಂಚನ್ನೂ ಗೆದ್ದರು. ಟಿವಿಯಲ್ಲಿ ಅಂಥ ವಿಭಾಗದ ಸ್ಪರ್ಧಿಗಳನ್ನು ನೋಡಿದವರು ಇವರೆಲ್ಲ ಭಾರ ಎತ್ತಿಯೇ ಗಿಡ್ಡವಾದರೆಂದು ಭಾವಿಸುತ್ತಾರೆ. 56 ಕಿಲೋ ತೂಕದಲ್ಲಿ ಆರು ಅಡಿ ಎತ್ತರದವನು ಸ್ಪರ್ಧಿಸಿದರೆ ಅವನ ಮೈಮೇಲೆ ಸ್ನಾಯುವೇ ಇರುವುದಿಲ್ಲ; ಆ ವಿಭಾಗದಲ್ಲಿ ಗೆಲ್ಲಲು ಬೇಕಾದಷ್ಟು ಸ್ನಾಯು ಇರುವುದು ಕಡಿಮೆ ಎತ್ತರದವರಿಗೆ ಮಾತ್ರ. ಭಾರೀ ತೂಕದ ವಿಭಾಗಗಳಲ್ಲಿ ಆರು ಅಡಿಗಿಂತ ಎತ್ತರದವರೂ ಇದ್ದಾರೆ, ಅವರೂ ಬಾಲ್ಯದಿಂದಲೇ ಎತ್ತಿದವರು. ಬಾಸ್ಕೆಟ್‌ಬಾಲ್ ಆಡಿದ್ದರಿಂದ ಎತ್ತರವಾದರು ಎಂಬುದು ಎಷ್ಟು ತಪ್ಪೋ ಇದೂ ಅಷ್ಟೇ ತಪ್ಪು.

ರಾಯಚೂರಿನ ರೈತ

ನಮ್ಮ ಕಡೆ ಸಣ್ಣ ವಯಸ್ಸಿನಲ್ಲೇ ಗೋಣಿಚೀಲ ಹೊತ್ತವರು, ಕಲ್ಲು ಗಣಿಯಲ್ಲಿ ದುಡಿದವರು ಗಿಡ್ಡವಾಗಿಯೇ ಉಳಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಜಿಮ್ ಇಲ್ಲದ ಕಾಲದ ಮಾತು ಇದು. ಅದನ್ನು ಏನೆನ್ನುತ್ತೀರಿ?

ಮೂಳೆ ವೈದ್ಯ, ಹುಬ್ಬಳ್ಳಿ

ನೀವು ಕಂಡದ್ದು ನಿಜ. 1960ರ ದಶಕದಲ್ಲಿ ಜಪಾನಿನ ದೂರದ ಹಳ್ಳಿಗಳಲ್ಲಿ ಭಾರೀ ಕೂಲಿ ಮಾಡುತ್ತಿದ್ದ ಮಕ್ಕಳನ್ನು ನೋಡಿದ ಸಂಶೋಧಕರೂ ಇದನ್ನೇ ಕಂಡು, ಹೊರೆಯೇ ಅವರ ಬೆಳವಣಿಗೆಯನ್ನು ತಡೆಯಿತೆಂದು ಬರೆದರು. ಇಂದು ಜಗತ್ತಿನಾದ್ಯಂತ ಹರಡಿರುವ ಈ ಭಯಕ್ಕೆ ಅದೂ ಒಂದು ಮೂಲ. ಆದರೆ ಆ ಮಕ್ಕಳಿಗೆ ಹೊಟ್ಟೆತುಂಬ ಊಟವಿರಲಿಲ್ಲ, ನಿದ್ದೆಯಿರಲಿಲ್ಲ, ಕಾಯಿಲೆ ಬಂದರೆ ಔಷಧವಿರಲಿಲ್ಲ. ದಿನಕ್ಕೆ ಹತ್ತು ತಾಸು ಹೊರೆ ಹೊತ್ತು ಒಂದು ರೊಟ್ಟಿ ತಿನ್ನುವ ಮಗುವಿನ ದೇಹ, ಸಿಕ್ಕ ಅಷ್ಟಿಷ್ಟು ಶಕ್ತಿಯನ್ನು ಬದುಕಿ ಉಳಿಯಲು ಬಳಸುತ್ತದೆ, ಬೆಳೆಯಲು ಏನೂ ಮಿಗುವುದಿಲ್ಲ. ನಿಮ್ಮೂರಿನಲ್ಲಿ ಅದೇ ಬಡತನದಲ್ಲಿ ಹೊರೆ ಹೊರದೆ ಬೆಳೆದ ಮಕ್ಕಳು ಎತ್ತರವಾಗಿದ್ದರೇ ಎಂಬುದನ್ನು ನೆನಪಿಸಿಕೊಂಡು ನೋಡಿ.

ಇನ್ನೊಂದು ಮೂಲ 1970 ಮತ್ತು 80ರ ದಶಕಗಳಲ್ಲಿ ವೈದ್ಯಕೀಯ ನಿಯತಕಾಲಿಕೆಗಳಲ್ಲಿ ಬಂದ ಬಿಡಿ ವರದಿಗಳು. ಹದಿಹರೆಯದ ಹುಡುಗರು ಬಹುತೇಕ ಯಾರ ನಿಗಾ ಇಲ್ಲದೆ ಮಿತಿಮೀರಿದ ಭಾರವನ್ನು ತಲೆಯ ಮೇಲಕ್ಕೆ ಎತ್ತಲು ಹೋಗಿ, ಮಣಿಕಟ್ಟಿನ ಬಳಿ ಮೂಳೆ ಬೆಳೆಯುವ ಜಾಗವನ್ನೇ ಮುರಿದುಕೊಂಡಿದ್ದರು. ನಾವು ಗ್ರೋತ್ ಪ್ಲೇಟ್ ಎನ್ನುವುದು ಇದನ್ನೇ. ಉದ್ದನೆಯ ಮೂಳೆಗಳ ತುದಿಯ ಹತ್ತಿರ ಇರುವ ಎಳೆಯ ಮೃದ್ವಸ್ಥಿಯ ಪಟ್ಟಿ ಅದು. ಗಟ್ಟಿ ಮೂಳೆಗಿಂತಲೂ ಕೀಲಿನ ಕಟ್ಟುಗಳಿಗಿಂತಲೂ ದುರ್ಬಲವಾದದ್ದರಿಂದ, ದೊಡ್ಡವರಿಗೆ ಉಳುಕಾಗುವಂಥ ಪೆಟ್ಟಿಗೆ ಮಕ್ಕಳಲ್ಲಿ ಈ ಪಟ್ಟಿಯೇ ಸೀಳಬಹುದು. ಭಯಕ್ಕೆ ಆಧಾರವಿಲ್ಲ ಎಂದು ನಾನು ಹೇಳುವುದಿಲ್ಲ. ಆ ಆಧಾರದಿಂದ ತೆಗೆದ ತೀರ್ಮಾನ ತಪ್ಪು ಎನ್ನುತ್ತೇನೆ.

ದೈಹಿಕ ಶಿಕ್ಷಕಿ, ಧಾರವಾಡ

ಹೇಗೆ ತಪ್ಪು? ಬೆಳೆಯುವ ಜಾಗವೇ ಮುರಿದರೆ ಬೆಳವಣಿಗೆ ನಿಲ್ಲಬೇಕಲ್ಲವೇ? ಪಾಲಕರು ಇದನ್ನೇ ಕೇಳಿದಾಗ ನನಗೆ ಉತ್ತರ ಕೊಡುವುದು ಕಷ್ಟವಾಗುತ್ತದೆ.

ಮೂಳೆ ವೈದ್ಯ, ಹುಬ್ಬಳ್ಳಿ

ಯಾವ ಮೂಳೆಯ ಬೆಳವಣಿಗೆ ಎಂದು ಕೇಳಬೇಕು. ನಮ್ಮ ಎತ್ತರ ಬರುವುದು ಕಾಲುಗಳಿಂದ ಮತ್ತು ಬೆನ್ನಿನಿಂದ. ಕಾಲಿನ ಬೆಳವಣಿಗೆಯಲ್ಲಿ ಸುಮಾರು ಮೂರನೇ ಎರಡು ಭಾಗ ನಡೆಯುವುದು ಮೊಣಕಾಲಿನ ಮೇಲೆ ಕೆಳಗೆ ಇರುವ ಎರಡು ಪಟ್ಟಿಗಳಲ್ಲಿ. ಮಣಿಕಟ್ಟಿನ ಪಟ್ಟಿಗೆ ಎಷ್ಟೇ ಪೆಟ್ಟಾದರೂ ಎತ್ತರದಲ್ಲಿ ಒಂದು ಮಿಲಿಮೀಟರೂ ಕಡಿಮೆಯಾಗುವುದಿಲ್ಲ. ಆ ಮುಂಗೈ ಮೂಳೆ ಗಿಡ್ಡವಾಗಬಹುದು, ಕೈ ಸೊಟ್ಟಗಾಗಬಹುದು. ಮೊಣಕಾಲಿನ ಪಟ್ಟಿಗೆ ಪೆಟ್ಟಾದರೆ ಆ ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡವಾಗುತ್ತದೆ ಅಥವಾ ವಾಲುತ್ತದೆ. ಇಡೀ ಹುಡುಗ ಸಮನಾಗಿ ಕುಳ್ಳನಾಗಬೇಕಾದರೆ ಎರಡೂ ಮೊಣಕಾಲಿನ ಪಟ್ಟಿಗಳು ಒಂದೇ ರೀತಿ, ಒಂದೇ ಪ್ರಮಾಣದಲ್ಲಿ, ಯಾರಿಗೂ ಗೊತ್ತಾಗದಂತೆ ಹಾಳಾಗಬೇಕು. ನನ್ನ ಇಷ್ಟು ವರ್ಷಗಳ ವೃತ್ತಿಯಲ್ಲಿ ಜಿಮ್‌ನಿಂದ ಹಾಗಾದ ಒಂದೇ ಒಂದು ಮಗುವನ್ನೂ ನಾನು ಕಂಡಿಲ್ಲ.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2008ರಲ್ಲೂ 2020ರಲ್ಲೂ ಈ ವಿಷಯದ ಅಧ್ಯಯನಗಳನ್ನು ಪರಿಶೀಲಿಸಿದೆ. ಸರಿಯಾದ ಮೇಲ್ವಿಚಾರಣೆಯಲ್ಲಿ ಭಾರ ಎತ್ತುವ ಮಕ್ಕಳ ಎತ್ತರದ ಬೆಳವಣಿಗೆಗೆ ತೊಂದರೆಯಾಗುವುದಿಲ್ಲ ಎಂಬುದೇ ಅದರ ನಿಲುವು. ವಿಶ್ವ ಆರೋಗ್ಯ ಸಂಸ್ಥೆಯಂತೂ 5ರಿಂದ 17 ವರ್ಷದ ಮಕ್ಕಳು ವಾರಕ್ಕೆ ಕನಿಷ್ಠ ಮೂರು ದಿನ ಸ್ನಾಯು ಮತ್ತು ಮೂಳೆ ಬಲಗೊಳ್ಳುವಂಥ ಚಟುವಟಿಕೆ ಮಾಡಬೇಕೆಂದು 2020ರಲ್ಲಿ ಹೇಳಿದೆ.

ವೇಗದ ಬೌಲರ್ ಒಬ್ಬನ ಅಪ್ಪ, ಬೆಂಗಳೂರು

ಅಧ್ಯಯನಗಳು ಏನೇ ಹೇಳಲಿ, ನನ್ನ ಮಗನಿಗೆ 15ನೇ ವಯಸ್ಸಿನಲ್ಲಿ ಬೆನ್ನಿನ ಕೆಳಭಾಗದ ಮೂಳೆಯಲ್ಲಿ ಬಿರುಕು ಬಿಟ್ಟಿತು. ಅಕಾಡೆಮಿಯಲ್ಲಿ ವಾರಕ್ಕೆ ಎರಡು ದಿನ ಜಿಮ್ ಕಡ್ಡಾಯವಾಗಿತ್ತು. ಒಂದು ಸೀಸನ್ ಪೂರ್ತಿ ಮನೆಯಲ್ಲಿ ಕುಳಿತ. ನಾನು ಯಾರಿಗೂ ಜಿಮ್ ಶಿಫಾರಸು ಮಾಡುವುದಿಲ್ಲ.

ಭಾರ ಎತ್ತುವ ತರಬೇತುದಾರ, ಕುಂದಾಪುರ

ಆ ಹುಡುಗ ವಾರಕ್ಕೆ ಎಷ್ಟು ಓವರ್ ಎಸೆಯುತ್ತಿದ್ದ?

ವೇಗದ ಬೌಲರ್ ಒಬ್ಬನ ಅಪ್ಪ, ಬೆಂಗಳೂರು

ನೆಟ್ಸ್ ದಿನವೂ ಇತ್ತು. ವಾರಾಂತ್ಯದಲ್ಲಿ ಎರಡು ಪಂದ್ಯಗಳು. ಎಣಿಸಿದವರು ಯಾರು?

ಮೂಳೆ ವೈದ್ಯ, ಹುಬ್ಬಳ್ಳಿ

ಎಣಿಸಬೇಕಾದದ್ದು ಅದನ್ನೇ, ಸರ್. ಬೆಳೆಯುವ ವಯಸ್ಸಿನ ವೇಗದ ಬೌಲರ್‌ಗಳಲ್ಲಿ ಬೆನ್ನಿನ ಬಿರುಕು ಎಲ್ಲ ದೇಶಗಳಲ್ಲೂ ಗೊತ್ತಿರುವ ತೊಂದರೆ. ಬೆನ್ನನ್ನು ಹಿಂದಕ್ಕೆ ಬಾಗಿಸಿ, ತಿರುಚಿ, ಮುಂಗಾಲನ್ನು ನೆಲಕ್ಕೆ ಬಡಿಯುವ ಒಂದೇ ಚಲನೆ ವಿಶ್ರಾಂತಿಯಿಲ್ಲದೆ ಸಾವಿರಾರು ಸಲ ನಡೆಯುವುದೇ ಅದಕ್ಕೆ ಮುಖ್ಯ ಕಾರಣ. ಆದ್ದರಿಂದಲೇ ಕೆಲವು ದೇಶಗಳಲ್ಲಿ ಕಿರಿಯರ ಓವರ್‌ಗಳಿಗೆ ಮಿತಿ ಹಾಕಿದ್ದಾರೆ. ಅಕಾಡೆಮಿಯ ಜಿಮ್‌ನಲ್ಲಿ ಏನು ಮಾಡಿಸಿದರೋ ನನಗೆ ಕಾಣದು, ಅದನ್ನು ಪೂರ್ತಿ ನಿರ್ದೋಷಿಯೆಂದೂ ಹೇಳಲಾರೆ. ಆದರೆ ಆ ಬಿರುಕಿಗೂ ಎತ್ತರಕ್ಕೂ ಸಂಬಂಧವಿಲ್ಲ.

ವೇಗದ ಬೌಲರ್ ಒಬ್ಬನ ಅಪ್ಪ, ಬೆಂಗಳೂರು

ಎತ್ತರ ಕಡಿಮೆಯಾಗಿಲ್ಲ ಎಂಬುದು ಸತ್ಯ. ಈಗ ನನಗಿಂತ ಎತ್ತರವಿದ್ದಾನೆ. ಆದರೂ ಜಿಮ್ ಬಗ್ಗೆ ನನ್ನ ಅಭಿಪ್ರಾಯ ಬದಲಾಗುವುದಿಲ್ಲ.

ತುಂಗಾತೀರ, ಶಿವಮೊಗ್ಗ

ಭಾನುವಾರ ಬೆಳಿಗ್ಗೆ ಹೇಳಿದಂತೆಯೇ ಅಳೆದೆವು. ಮೂರು ಸಲದ ಸರಾಸರಿ 158.5 ಸೆಂ.ಮೀ. ಬಂತು. ಅತ್ತೆಯವರೇ ಪುಸ್ತಕ ಹಿಡಿದಿದ್ದರು, ಆದ್ದರಿಂದ ಅಳತೆಯ ಬಗ್ಗೆ ಮನೆಯಲ್ಲಿ ತಕರಾರಿಲ್ಲ. ಆದರೂ ಐದು ತಿಂಗಳಿಗೆ ಎರಡೂವರೆ ಸೆಂಟಿಮೀಟರ್ ಸಾಕೇ? ಹದಿಹರೆಯದಲ್ಲಿ ವರ್ಷಕ್ಕೆ ಒಂಬತ್ತು ಹತ್ತು ಸೆಂಟಿಮೀಟರ್ ಬೆಳೆಯಬೇಕೆಂದು ಎಲ್ಲೋ ಓದಿದ್ದೆ.

ಮೂಳೆ ವೈದ್ಯ, ಹುಬ್ಬಳ್ಳಿ

ಐದು ತಿಂಗಳಿಗೆ 2.5 ಎಂದರೆ ವರ್ಷಕ್ಕೆ 6 ಸೆಂ.ಮೀ. ಆಯಿತು. ಒಂಬತ್ತು ಹತ್ತು ಎಂಬುದು ಜಿಗಿತದ ತುತ್ತತುದಿಯ ವೇಗ, ಅದು ಕೆಲವೇ ತಿಂಗಳು ಇರುತ್ತದೆ. ಜಿಗಿತಕ್ಕೆ ಮುಂಚೆ ಮಕ್ಕಳು ವರ್ಷಕ್ಕೆ ಸುಮಾರು 5 ಸೆಂ.ಮೀ. ಬೆಳೆಯುತ್ತಾರೆ. ನಿಮ್ಮ ಮಗನ ಧ್ವನಿ ಈಗಷ್ಟೇ ಒಡೆಯುತ್ತಿದೆ, ಮೀಸೆ ಮೂಡಿಲ್ಲ ಎಂದರೆ ಅವನು ಜಿಗಿತದ ಆರಂಭದಲ್ಲೋ ನಡುವಿನಲ್ಲೋ ಇರುವ ಸಾಧ್ಯತೆ ಹೆಚ್ಚು. ಪಕ್ಕದ ಮನೆಯ ಹುಡುಗ ಒಂದು ವರ್ಷ ಮೊದಲೇ ಆ ಹಾದಿ ಹಿಡಿದಿರಬಹುದು. ಅಲ್ಲದೆ ಐದು ತಿಂಗಳ ಅಳತೆಯಿಂದ ವೇಗವನ್ನು ನಿರ್ಣಯಿಸುವುದು ಸರಿಯಲ್ಲ, ಏಕೆಂದರೆ ಮನೆಯ ಅಳತೆಯಲ್ಲಿ ಅರ್ಧ ಸೆಂಟಿಮೀಟರಿನ ವ್ಯತ್ಯಾಸ ಸುಲಭವಾಗಿ ನುಸುಳುತ್ತದೆ. ಕನಿಷ್ಠ ಆರು ತಿಂಗಳು, ಸಾಧ್ಯವಾದರೆ ಒಂದು ವರ್ಷದ ಅಂತರ ಬೇಕು. ಶಾಲೆಯ ಹಿಂದಿನ ಎರಡು ಮೂರು ವರ್ಷಗಳ ದಾಖಲೆ ಸಿಕ್ಕರೆ ಇನ್ನೂ ಒಳ್ಳೆಯದು.

ಇನ್ನು ಅವನು ಎಷ್ಟು ಎತ್ತರವಾದಾನು ಎಂಬುದರ ಅಂದಾಜು. ಹುಡುಗರಿಗೆ ತಂದೆ ತಾಯಿಯ ಎತ್ತರವನ್ನು ಕೂಡಿಸಿ, ಅದಕ್ಕೆ 13 ಸೇರಿಸಿ, ಎರಡರಿಂದ ಭಾಗಿಸುತ್ತೇವೆ. 168 ಮತ್ತು 155 ಕೂಡಿದರೆ 323, ಅದಕ್ಕೆ 13 ಸೇರಿಸಿದರೆ 336, ಅರ್ಧ 168. ಇದರಿಂದ ಸುಮಾರು 8 ಸೆಂ.ಮೀ. ಆಚೀಚೆ ಹೋಗಬಹುದು. ನಾಳೆ ಅವನು 166ಕ್ಕೆ ನಿಂತರೆ ಅದಕ್ಕೆ ಜಿಮ್ ಕಾರಣವಲ್ಲ, ನೀವಿಬ್ಬರು ಕೊಟ್ಟ ಎತ್ತರ ಅದು. ವರ್ಷಕ್ಕೆ 4 ಸೆಂಟಿಮೀಟರಿಗಿಂತ ಕಡಿಮೆ ಬೆಳೆಯುತ್ತಿದ್ದರೆ, ಅಥವಾ 14 ತುಂಬಿಯೂ ಹರೆಯದ ಯಾವ ಗುರುತೂ ಕಾಣದಿದ್ದರೆ, ಮಕ್ಕಳ ವೈದ್ಯರಿಗೆ ತೋರಿಸಬೇಕು. ಅವರು ಬೇಕೆನಿಸಿದರೆ ಎಡಗೈಯ ಎಕ್ಸ್‌ರೇ ತೆಗೆಸಿ ಮೂಳೆಯ ವಯಸ್ಸನ್ನು ನೋಡುತ್ತಾರೆ. ನೀವು ಹೇಳಿದ ವಿವರಗಳಲ್ಲಿ ಸದ್ಯಕ್ಕೆ ಅಂಥದ್ದೇನೂ ಕಾಣುತ್ತಿಲ್ಲ.

ನನಗೆ ಚಿಂತೆಯಾಗಿರುವುದು ಶನಿವಾರದ ಪಂದ್ಯ ಮತ್ತು ಆ ಡಬ್ಬಿ. ಡಬ್ಬಿಯ ಮೇಲೆ ಏನು ಬರೆದಿದೆ?

ತುಂಗಾತೀರ, ಶಿವಮೊಗ್ಗ

ಮೇಲೆ ಚೀಟಿಯೇ ಇಲ್ಲ. ದೊಡ್ಡ ಡಬ್ಬಿಯಿಂದ ತೆಗೆದು ಸಣ್ಣದಕ್ಕೆ ಹಾಕಿಕೊಟ್ಟಿದ್ದು ಎಂದ.

ಮೂಳೆ ವೈದ್ಯ, ಹುಬ್ಬಳ್ಳಿ

ಹಾಗಿದ್ದರೆ ಇಂದೇ ನಿಲ್ಲಿಸಿ. ಹಾಲಿನಿಂದ ತೆಗೆದ ಸಾಮಾನ್ಯ ಪ್ರೋಟೀನ್ ಪುಡಿಯಿಂದ ಎತ್ತರ ನಿಲ್ಲುವುದಿಲ್ಲ. ಆದರೆ ಜಿಮ್‌ಗಳಲ್ಲಿ ಕೈಯಿಂದ ಕೈಗೆ ಹೋಗುವ ಪುಡಿ, ಗುಳಿಗೆ, ಸೂಜಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ಈ ಇಡೀ ಚರ್ಚೆಯಲ್ಲಿ ಹುಡುಗನ ಎತ್ತರವನ್ನು ನಿಜವಾಗಿ ಕಡಿತಗೊಳಿಸಬಲ್ಲ ವಸ್ತು ಅದೊಂದೇ. ಗಂಡು ಹಾರ್ಮೋನಿನ ಜಾತಿಯ ಈ ಔಷಧಗಳಲ್ಲಿ ಹಲವು ದೇಹದೊಳಗೆ ಈಸ್ಟ್ರೋಜನ್ ಆಗಿ ಮಾರ್ಪಡುತ್ತವೆ. ಗ್ರೋತ್ ಪ್ಲೇಟ್ ಮುಚ್ಚಿಕೊಳ್ಳುವುದು ಹುಡುಗರಲ್ಲೂ ಈಸ್ಟ್ರೋಜನ್ನಿನಿಂದಲೇ. ಮೊದಲು ಹುಡುಗ ಸರ್ರನೆ ಬೆಳೆದಂತೆ ಕಾಣುತ್ತಾನೆ, ಮನೆಯವರು ಸಂತೋಷಪಡುತ್ತಾರೆ, ಆಮೇಲೆ ಇನ್ನೂ ಮೂರು ವರ್ಷ ತೆರೆದಿರಬೇಕಾದ ಪಟ್ಟಿಗಳು ಅಕಾಲದಲ್ಲಿ ಮುಚ್ಚಿಹೋಗುತ್ತವೆ. ಅದನ್ನು ಮತ್ತೆ ತೆರೆಯುವ ಔಷಧವಿಲ್ಲ. ಕೆಲವೇ ವಾರಗಳಲ್ಲಿ ಬೆನ್ನು ಮತ್ತು ಭುಜದ ತುಂಬ ಮೊಡವೆ, ಎದೆಯ ತೊಟ್ಟಿನ ಕೆಳಗೆ ನೋಯುವ ಗಂಟು, ಏಕಾಏಕಿ ದಟ್ಟವಾಗುವ ಮೈಗೂದಲು, ಅತಿಯಾದ ಸಿಟ್ಟು, ಊಟ ಬದಲಾಗದೆಯೇ ತಟ್ಟನೆ ಏರುವ ತೂಕ ಕಂಡುಬಂದರೆ ಅನುಮಾನಿಸಬೇಕು. ಮೊಡವೆ ಮತ್ತು ಸಣ್ಣ ಗಂಟು ಹರೆಯದಲ್ಲಿ ಸಹಜವಾಗಿಯೂ ಬರುತ್ತವೆ, ಆದ್ದರಿಂದ ಹುಡುಗನನ್ನು ಗದರಿಸದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಗೃಹಿಣಿ, ಹಾಸನ

ಪುಡಿಯ ಬದಲು ಎರಡು ಮೊಟ್ಟೆ, ಹಾಲು, ಹೆಸರುಕಾಳಿನ ಉಸಲಿ ಕೊಡಿ, ಸಾಕು.

ಭಾರ ಎತ್ತುವ ತರಬೇತುದಾರ, ಕುಂದಾಪುರ

ಪುಡಿಯ ವಿಷಯದಲ್ಲಿ ವೈದ್ಯರ ಪ್ರತಿ ಅಕ್ಷರವನ್ನೂ ಒಪ್ಪುತ್ತೇನೆ. ಪಂದ್ಯದ ವಿಷಯದಲ್ಲಿ ನನ್ನದೊಂದು ಮಾತಿದೆ. ಒಂದೇ ಸಲ ಗರಿಷ್ಠ ಭಾರ ಎತ್ತುವುದು ಮಕ್ಕಳಿಗೆ ತಾನಾಗಿಯೇ ಅಪಾಯ ಎಂಬುದು ಸರಿಯಲ್ಲ. ಅಮೆರಿಕದಲ್ಲಿ 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 6ರಿಂದ 12 ವರ್ಷದ 96 ಮಕ್ಕಳ ಗರಿಷ್ಠ ಬಲವನ್ನು ಪರೀಕ್ಷಿಸಿದಾಗ ಒಬ್ಬರಿಗೂ ಗಾಯವಾಗಲಿಲ್ಲ.

ಮೂಳೆ ವೈದ್ಯ, ಹುಬ್ಬಳ್ಳಿ

ಆ ಮಕ್ಕಳು ಎತ್ತಿದ್ದು ಮಕ್ಕಳ ಅಳತೆಗೆ ಮಾಡಿಸಿದ ಯಂತ್ರಗಳಲ್ಲಿ, ಅನುಭವಿಗಳ ಕಣ್ಣೆದುರಿಗೆ. ಇಲ್ಲಿ ಪರಸ್ಪರ ಹುರಿದುಂಬಿಸುವ ಹುಡುಗರು 20 ಕಿಲೋ ಬಾರ್‌ಗೆ ತಟ್ಟೆಗಳನ್ನು ಪೇರಿಸುತ್ತಿದ್ದಾರೆ. ಪಟ್ಟಿಗಳು ಮುಚ್ಚುವವರೆಗೆ ಗರಿಷ್ಠ ಭಾರ ಬೇಡ ಎಂಬ, ಮಕ್ಕಳ ವೈದ್ಯರ ಅಕಾಡೆಮಿಯ 2008ರ ಎಚ್ಚರಿಕೆಯನ್ನೇ ನಾನು ಇಂದಿಗೂ ನನ್ನ ರೋಗಿಗಳಿಗೆ ಹೇಳುತ್ತೇನೆ.

ಭಾರ ಎತ್ತುವ ತರಬೇತುದಾರ, ಕುಂದಾಪುರ

ಆ ಎಚ್ಚರಿಕೆಯನ್ನು ಹಾಗೇ ಪಾಲಿಸಿದರೆ ಕಿರಿಯರ ವೇಟ್‌ಲಿಫ್ಟಿಂಗ್ ಸ್ಪರ್ಧೆಗಳನ್ನೇ ಮುಚ್ಚಬೇಕಾಗುತ್ತದೆ. ತಂತ್ರ ಕಲಿತ ಹುಡುಗನಿಗೆ ನನ್ನ ಕಣ್ಣೆದುರು ಅದು ಅಪಾಯವಲ್ಲ ಎಂದೇ ನಾನು ನಂಬಿದ್ದೇನೆ. ಆದರೆ ಐದು ತಿಂಗಳ ಹಿಂದೆ ಸೇರಿದ ಹುಡುಗರ ಶನಿವಾರದ ಪಂದ್ಯವನ್ನು ನಾನೂ ನಿಲ್ಲಿಸುತ್ತಿದ್ದೆ, ಅದರಲ್ಲಿ ನಮ್ಮಿಬ್ಬರಿಗೆ ಭೇದವಿಲ್ಲ.

ತುಂಗಾತೀರ ಅವರೇ, ಹೊಸಬರಿಗೆ ನಾನು ಕಲಿಸುವ ಕ್ರಮ ಹೀಗಿದೆ. ಮೊದಲ ಕೆಲವು ವಾರ ಬರೀ ಬಿದಿರು ಕೋಲು ಅಥವಾ ಐದು ಕಿಲೋದ ಹಗುರ ಬಾರ್. ಆಮೇಲೆ ಭಾರವನ್ನು ಆರಿಸುವಾಗ, ಹುಡುಗ ಒಂದೇ ಉಸಿರಿನ ಲಯದಲ್ಲಿ 10ರಿಂದ 15 ಸಲ ಎತ್ತಬಲ್ಲಷ್ಟು ಮಾತ್ರ. ಹದಿನೈದನೆಯ ಸಲವೂ ಮೊದಲನೆಯದರಷ್ಟೇ ಶುದ್ಧವಾಗಿ ಬಂದರೆ ಮುಂದಿನ ವಾರ ಶೇಕಡಾ 5ರಿಂದ 10ರಷ್ಟು ಸೇರಿಸುತ್ತೇನೆ. ಎತ್ತುವಾಗ ಬೆನ್ನು ಗೂನಾದರೆ, ಮೊಣಕಾಲುಗಳು ಒಳಕ್ಕೆ ಕುಸಿದರೆ, ಭಾರ ಇಳಿಸುವಾಗ ಕೈ ನಡುಗಿದರೆ ಹಿಂದಿನ ಭಾರಕ್ಕೆ ಮರಳುತ್ತೇವೆ. ವಾರಕ್ಕೆ ಎರಡು ಅಥವಾ ಮೂರು ದಿನ, ನಡುವೆ ಒಂದು ದಿನದ ಬಿಡುವು ಕಡ್ಡಾಯ. ನಿಮ್ಮ ಮಗನ ವಾರಕ್ಕೆ ಐದು ದಿನ ಎಂಬುದು ಅತಿಯಾಯಿತು.

ದೈಹಿಕ ಶಿಕ್ಷಕಿ, ಧಾರವಾಡ

ಗಾಯಗಳ ಬಗ್ಗೆ ನಾನು ಕಂಡದ್ದನ್ನು ಸೇರಿಸುತ್ತೇನೆ. ಶಾಲೆಯಲ್ಲಿ ಮಕ್ಕಳಿಗೆ ಆದ ಪೆಟ್ಟುಗಳಲ್ಲಿ ಹೆಚ್ಚಿನವು ಎತ್ತುವಾಗ ಆದದ್ದಲ್ಲ. ತಟ್ಟೆ ಕಾಲಬೆರಳ ಮೇಲೆ ಬಿದ್ದದ್ದು, ಎರಡು ಡಂಬೆಲ್ ನಡುವೆ ಬೆರಳು ಸಿಕ್ಕಿದ್ದು ಇಂಥವೇ. ಬಾರ್‌ನ ತುದಿಗೆ ಬಿಗಿ ಹಾಕದೆ ಎತ್ತಿದರೆ ತಟ್ಟೆಗಳು ಒಂದೇ ಬದಿಗೆ ಜಾರುತ್ತವೆ. ಮೊದಲ ದಿನವೇ ಕಲಿಸಬೇಕಾದದ್ದು ಅದು.

ತುಂಗಾತೀರ, ಶಿವಮೊಗ್ಗ

ನೋವು ಬಂದರೆ ಅದು ಸಾಮಾನ್ಯ ಮೈಕೈ ನೋವೋ ಆ ಪಟ್ಟಿಯ ಗಾಯವೋ ಎಂದು ತಿಳಿಯುವುದು ಹೇಗೆ?

ಮೂಳೆ ವೈದ್ಯ, ಹುಬ್ಬಳ್ಳಿ

ವ್ಯಾಯಾಮದ ಮೈಕೈ ನೋವು ಸ್ನಾಯುವಿನ ಮಾಂಸಲ ಭಾಗದಲ್ಲಿ ಹರಡಿಕೊಂಡಿರುತ್ತದೆ. ಮರುದಿನ ಜಾಸ್ತಿಯಾಗಿ, ಮೂರು ನಾಲ್ಕು ದಿನಗಳಲ್ಲಿ ಹೋಗುತ್ತದೆ, ಸಾಮಾನ್ಯವಾಗಿ ಎರಡೂ ಬದಿಗೆ ಇರುತ್ತದೆ. ಪಟ್ಟಿಯ ಗಾಯದ ನೋವು ಕೀಲಿನ ಹತ್ತಿರ, ಮೂಳೆಯ ತುದಿಯಲ್ಲಿ, ಒಂದು ಬೆರಳಿನಿಂದ ತೋರಿಸಬಹುದಾದ ಜಾಗದಲ್ಲಿರುತ್ತದೆ. ಅಲ್ಲಿ ಒತ್ತಿದರೆ ಹುಡುಗ ಕೈ ಎಳೆದುಕೊಳ್ಳುತ್ತಾನೆ, ಊತವಿರಬಹುದು, ಅಂಗೈ ಊರಿ ಏಳಲು ಆಗುವುದಿಲ್ಲ. ಇಂಥ ನೋವನ್ನು ಉಳುಕೆಂದು ತಿಳಿದು ತಿಕ್ಕಿಸಬಾರದು. ಮೊದಲ ಎಕ್ಸ್‌ರೇಯಲ್ಲಿ ಏನೂ ಕಾಣದೆಯೂ ಇರಬಹುದು, ಆಗ ಅಲುಗದಂತೆ ಕಟ್ಟು ಹಾಕಿ ವಾರ ಹತ್ತು ದಿನ ಬಿಟ್ಟು ಮತ್ತೆ ನೋಡುತ್ತೇವೆ. ಸಕಾಲದಲ್ಲಿ ಹಿಡಿದರೆ ಬಹುತೇಕ ಗಾಯಗಳು ಬೆಳವಣಿಗೆಗೆ ತೊಂದರೆ ಕೊಡದೆ ಮಾಯುತ್ತವೆ.

ಗರಡಿಮನೆಯ ಹಳಬ, ದಾವಣಗೆರೆ

ಉಳುಕು ತೆಗೆಯುವವರ ಬಳಿ ಹೋಗಬೇಡಿ ಎಂಬ ಮಾತನ್ನು ನಾನೂ ಒಪ್ಪುತ್ತೇನೆ, ಮಕ್ಕಳ ಮಟ್ಟಿಗೆ. ಕಬ್ಬಿಣದ ವಿಷಯದಲ್ಲಿ ಇನ್ನೂ ನನ್ನ ಮನಸ್ಸು ಪೂರ್ತಿ ಒಪ್ಪಿಲ್ಲ.

ತುಂಗಾತೀರ, ಶಿವಮೊಗ್ಗ

ಟ್ರೈನರ್ ಜೊತೆ ಮಾತನಾಡಿದೆವು. ಪುಡಿಯ ಹೆಸರು ಕೇಳಿದಾಗ ಸರಿಯಾದ ಉತ್ತರ ಸಿಗಲಿಲ್ಲ, ಆದ್ದರಿಂದ ಆ ಜಿಮ್ ಬಿಡಿಸಿದೆವು. ಭಾರ ಎತ್ತುವುದನ್ನು ಬಿಡಿಸಿಲ್ಲ; ಕ್ರೀಡಾಂಗಣದಲ್ಲಿ ಮಕ್ಕಳಿಗೆಂದೇ ತರಬೇತಿ ಕೊಡುವವರೊಬ್ಬರು ಸಿಕ್ಕಿದ್ದಾರೆ, ವಾರಕ್ಕೆ ಮೂರು ದಿನ. ಮಕ್ಕಳ ವೈದ್ಯರನ್ನೂ ಕಂಡೆವು. ಪರೀಕ್ಷಿಸಿ, ಬೆಳವಣಿಗೆಯ ನಕ್ಷೆಯಲ್ಲಿ ಗುರುತು ಹಾಕಿ, ಎಕ್ಸ್‌ರೇ ಈಗ ಬೇಡ, ಆರು ತಿಂಗಳ ನಂತರ ಬನ್ನಿ ಎಂದರು. ಅತ್ತೆಯವರು ಮಾತ್ರ ಆರು ತಿಂಗಳ ಅಳತೆಯನ್ನು ನೋಡಿಯೇ ನಂಬುವುದಾಗಿ ಹೇಳಿದ್ದಾರೆ.

ಇಬ್ಬರು ಹೆಣ್ಣುಮಕ್ಕಳ ತಂದೆ, ಮೈಸೂರು

ಇಷ್ಟೂ ಹೊತ್ತು ಹುಡುಗರ ಮಾತೇ ಆಯಿತು. ನನ್ನ ಹಿರಿಯ ಮಗಳಿಗೆ 13, ಅಥ್ಲೆಟಿಕ್ಸ್ ಮಾಡುತ್ತಾಳೆ, ಕೋಚ್ ಭಾರ ಎತ್ತಿಸುತ್ತಿದ್ದಾರೆ. ಹುಡುಗಿಯರಿಗೂ ಇದೇ ಅನ್ವಯಿಸುತ್ತದೆಯೇ?

ಮೂಳೆ ವೈದ್ಯ, ಹುಬ್ಬಳ್ಳಿ

ಭಾರದ ವಿಷಯದಲ್ಲಿ ಇದೇ ಅನ್ವಯಿಸುತ್ತದೆ, ಕಾಲ ಮಾತ್ರ ಬೇರೆ. ಹುಡುಗಿಯರ ಜಿಗಿತ ಸರಾಸರಿ 12ರ ಸುಮಾರಿಗೆ ಬರುತ್ತದೆ. ಮೊದಲ ಮುಟ್ಟು ಬರುವ ಹೊತ್ತಿಗೆ ಅದರ ಹೆಚ್ಚಿನ ಪಾಲು ಮುಗಿದಿರುತ್ತದೆ, ಆ ಬಳಿಕ ಸಾಮಾನ್ಯವಾಗಿ ಐದಾರು ಸೆಂಟಿಮೀಟರ್ ಬೆಳೆಯುತ್ತಾರೆ. ಆದ್ದರಿಂದ ಮಗಳು ಈಗ ನಿಧಾನವಾಗಿ ಬೆಳೆಯುತ್ತಿದ್ದರೆ ಅದನ್ನು ಕೋಚ್ ತಲೆಗೆ ಕಟ್ಟಬೇಡಿ.

ಅವಳ ವಿಷಯದಲ್ಲಿ ನೀವು ಗಮನಿಸಬೇಕಾದದ್ದು ತಟ್ಟೆಯಲ್ಲಿರುವ ಊಟ. ಓಟಕ್ಕೆ ಹಗುರಾಗಬೇಕೆಂದು ಹುಡುಗಿಯರು ಅನ್ನ, ರೊಟ್ಟಿ ಬಿಡುವುದನ್ನು ನಾನು ಮತ್ತೆ ಮತ್ತೆ ಕಾಣುತ್ತೇನೆ. ತೂಕದ ವಿಭಾಗಕ್ಕಾಗಿ ಉಪವಾಸ ಮಾಡುವ ಕುಸ್ತಿಯ ಹುಡುಗರಲ್ಲೂ ಇದೇ ಕಥೆ. ಅಷ್ಟು ವ್ಯಾಯಾಮಕ್ಕೆ ಸಾಲುವಷ್ಟು ತಿನ್ನದಿದ್ದರೆ ದೇಹ ಬೆಳವಣಿಗೆಯನ್ನೂ ಮುಟ್ಟನ್ನೂ ಹಿಂದೆ ಹಾಕುತ್ತದೆ. ಶುರುವಾಗಿದ್ದ ಮುಟ್ಟು ಮೂರು ತಿಂಗಳು ಬಾರದಿದ್ದರೆ, ಅಥವಾ 15 ತುಂಬಿದರೂ ಶುರುವಾಗದಿದ್ದರೆ, ಅದು ವ್ಯಾಯಾಮ ಮಾಡುವವರಿಗೆ ಸಹಜ ಎಂದು ಯಾರೇ ಹೇಳಿದರೂ ಕೇಳದೆ ವೈದ್ಯರಿಗೆ ತೋರಿಸಿ.

ಇಬ್ಬರು ಹೆಣ್ಣುಮಕ್ಕಳ ತಂದೆ, ಮೈಸೂರು

ರಾತ್ರಿ ಊಟ ಬಿಡುತ್ತಾಳೆ ಎಂದು ಅವಳ ಅಮ್ಮ ಹೇಳುತ್ತಲೇ ಇದ್ದಾಳೆ. ಇವತ್ತೇ ಕೋಚ್ ಬಳಿ ಮಾತನಾಡುತ್ತೇನೆ.